ಹುಡುಗರ ಅಡ್ವಾನ್ಸು ಯಾರ ದುಡ್ಡು?

ಬೆಂಗಳೂರಿನಲ್ಲಿ ಬಾಡಿಗೆಗೆ ಕಟ್ಟಡ ಹಿಡಿಯುವವರು ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೊಡುವುದು ಬಹುಕಾಲದ ರೂಢಿ. ಕೊಟ್ಟವರಿಗೆ ಅದು ಆಸ್ತಿ, ತೆಗೆದುಕೊಂಡವರಿಗೆ ಸಾಲ. ಬಿಟಿಎಂ ಲೇಔಟಿನಲ್ಲಿ ಪಿಜಿ ನಡೆಸುತ್ತಿದ್ದ ನಾನು ಎರಡೂ ಕಡೆ ನಿಂತಿದ್ದೆ. ಕಟ್ಟಡದ ಮಾಲೀಕರಿಗೆ ಅಡ್ವಾನ್ಸ್ ಕೊಟ್ಟಿದ್ದೆ, ಪಿಜಿಗೆ ಬಂದ ಹುಡುಗರಿಂದ ಅಡ್ವಾನ್ಸ್ ಪಡೆದಿದ್ದೆ. ಆಡಿಟರು ಕೊಟ್ಟ ಬ್ಯಾಲೆನ್ಸ್ ಶೀಟಿನಲ್ಲಿ ಕೊನೆಯ ಎರಡು ಮೊತ್ತ ಸರಿಹೊಂದಿವೆಯೇ ಎಂದಷ್ಟೇ ನೋಡಿ ಸಹಿ ಹಾಕುತ್ತಿದ್ದೆ. ಹೊಂದಿದರೆ ವ್ಯವಹಾರ ಗಟ್ಟಿಯಾಗಿದೆ ಎಂಬ ನಂಬಿಕೆ ನನ್ನದು.

ಅವು ಹೊಂದದೆ ಇರಲು ಸಾಧ್ಯವೇ ಇಲ್ಲ. ಬ್ಯಾಲೆನ್ಸ್ ಶೀಟು ಒಂದೇ ದುಡ್ಡಿನ ಬಗ್ಗೆ ಎರಡು ಪ್ರಶ್ನೆ ಕೇಳುತ್ತದೆ: ಈಗ ಅದು ಯಾವ ರೂಪದಲ್ಲಿದೆ, ಬಂದದ್ದು ಯಾರಿಂದ. ಮೊದಲನೆಯದಕ್ಕೆ ಉತ್ತರ ಆಸ್ತಿ. ಎರಡನೆಯದಕ್ಕೆ ಉತ್ತರ ಎರಡು ಪಾಲು: ಹೊರಗಿನವರಿಗೆ ತೀರಿಸಬೇಕಾದ ಹೊಣೆ, ಉಳಿದದ್ದು ವ್ಯವಹಾರದ ಮಾಲೀಕನ ಬಂಡವಾಳ. ಬಂಡವಾಳ ಎಂದರೆ ಆಸ್ತಿಯಲ್ಲಿ ಹೊಣೆ ಕಳೆದು ಉಳಿದದ್ದೇ ಆದ್ದರಿಂದ ಕೂಡಿಸಿದಾಗ ಸಮವಾಗಲೇಬೇಕು.

ನನ್ನ ಲೆಕ್ಕವನ್ನೇ ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ಕೈಯಿಂದ 8 ಲಕ್ಷ ಹಾಕಿದೆ, ಬ್ಯಾಂಕಿನಿಂದ 6 ಲಕ್ಷ ಸಾಲ ತಂದೆ. ಆಗ ಆಸ್ತಿ 14 ಲಕ್ಷ, ಎಲ್ಲವೂ ನಗದು. ಎದುರಿಗೆ ಹೊಣೆ 6, ಬಂಡವಾಳ 8. ಕಟ್ಟಡದ ಬಾಡಿಗೆ ತಿಂಗಳಿಗೆ ಒಂದೂವರೆ ಲಕ್ಷ, ಅಡ್ವಾನ್ಸ್ 15 ಲಕ್ಷ. ಮೊದಲ ಕಂತಾಗಿ 9 ಲಕ್ಷ ಕೊಟ್ಟು, ಮಂಚ, ಹಾಸಿಗೆ, ಗೀಸರು, ಅಡುಗೆ ಪಾತ್ರೆಗಳಿಗೆ 5 ಲಕ್ಷ ಸುರಿದೆ. ನಗದು ಸೊನ್ನೆಯಾಯಿತು. ಆದರೂ ಆಸ್ತಿ 14 ಲಕ್ಷವೇ, ಏಕೆಂದರೆ ದುಡ್ಡು ರೂಪ ಬದಲಿಸಿತ್ತಷ್ಟೆ. ಆಮೇಲೆ 40 ಹುಡುಗರು ತಲಾ 15 ಸಾವಿರದಂತೆ 6 ಲಕ್ಷ ಅಡ್ವಾನ್ಸ್ ಕೊಟ್ಟರು. ನಗದಿಗೆ 6 ಸೇರಿತು, ಹೊಣೆಗೂ 6 ಸೇರಿತು. ಆ ದುಡ್ಡನ್ನು ಹಾಗೇ ಎತ್ತಿ ಮಾಲೀಕರಿಗೆ ಎರಡನೇ ಕಂತು ಕಟ್ಟಿದೆ.

ಆಸ್ತಿ 20 (ಅಡ್ವಾನ್ಸ್ 15, ಸಾಮಾನು 5) = ಹೊಣೆ 12 (ಬ್ಯಾಂಕು 6, ಹುಡುಗರು 6) + ಬಂಡವಾಳ 8

ಅಚ್ಚುಕಟ್ಟಾಗಿ ಹೊಂದಿತು. ಆಸ್ತಿ 20 ಲಕ್ಷ ಎಂಬುದನ್ನೇ ನಾನು ಹೆಮ್ಮೆಯಿಂದ ಓದಿಕೊಂಡೆ. ಹುಡುಗರ 6 ಲಕ್ಷ ಅವರು ರೂಮು ಬಿಟ್ಟ ದಿನ ಕೊಡಬೇಕಾದ ದುಡ್ಡು. ನನ್ನ 15 ಲಕ್ಷ ಇಡೀ ಕಟ್ಟಡ ಖಾಲಿ ಮಾಡಿದರಷ್ಟೇ ವಾಪಸು ಬರುವ ದುಡ್ಡು. ಈ ಅಂತರ ಯಾವ ಮೊತ್ತದಲ್ಲೂ ಕಾಣುವುದಿಲ್ಲ, ಸಾಲು ಸಾಲಾಗಿ ಓದಿದರೆ ಮಾತ್ರ ಕಾಣುತ್ತದೆ. ಒಬ್ಬ ಹುಡುಗ ಬಿಟ್ಟರೆ ಹೊಸಬನ ಅಡ್ವಾನ್ಸಿನಿಂದ ಹಳಬನಿಗೆ ಕೊಡುತ್ತಿದ್ದೆ. ಹಾಗಾಗಿ ಕೊರತೆ ಗೊತ್ತೇ ಆಗಲಿಲ್ಲ. ತಿಂಗಳ ಲಾಭ ಆಗಿಂದಾಗ್ಗೆ ಮನೆ ಖರ್ಚಿಗೆ ಹೋಗುತ್ತಿತ್ತು, ಬ್ಯಾಂಕಿಗೆ ಬಡ್ಡಿಯಷ್ಟೇ ಕಟ್ಟುತ್ತಿದ್ದೆ. ಮಂಚ, ಹಾಸಿಗೆ ಸವೆದರೂ ನನ್ನ ಮನಸ್ಸಿನಲ್ಲಿ 5 ಲಕ್ಷವಾಗಿಯೇ ಉಳಿದಿದ್ದವು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಹುಡುಗರು ಊರಿಗೆ ಹೋದರು, ಅಲ್ಲಿಂದಲೇ ಫೋನ್ ಮಾಡಿ ಅಡ್ವಾನ್ಸ್ ಕೇಳತೊಡಗಿದರು. ಹೊಸಬರು ಯಾರೂ ಬರಲಿಲ್ಲ. "ಅಂಕಲ್, ನಮ್ಮ ಅಪ್ಪನಿಗೂ ಕೆಲಸ ಇಲ್ಲ" ಎಂದ ಹುಡುಗನಿಗೆ, ಮಾಲೀಕರು ಕೊಟ್ಟ ಮೇಲೆ ಕೊಡ್ತೀನಪ್ಪ ಎಂದೆ. ಅವನು ದುಡ್ಡು ಕೊಟ್ಟದ್ದು ನನಗೆ, ಮಾಲೀಕರಿಗಲ್ಲ. ಆ ಮಾತು ಹೇಳಲು ನನಗೆ ಹಕ್ಕಿರಲಿಲ್ಲ.

ಮೂರು ತಿಂಗಳ ಬಾಡಿಗೆ ನಾಲ್ಕೂವರೆ ಲಕ್ಷ ಅಡ್ವಾನ್ಸಿನಲ್ಲಿ ಕಡಿತವಾಯಿತು. ಖಾಲಿ ಮಾಡುವಾಗ ಪೇಂಟಿಂಗ್ ಖರ್ಚೆಂದು ಇನ್ನೊಂದು ತಿಂಗಳದ್ದು ಹೋಯಿತು. 15 ಲಕ್ಷದಲ್ಲಿ ಉಳಿದದ್ದು 9. ಸಾಮಾನು ಮಾರಿದಾಗ ಸಿಕ್ಕಿದ್ದು 1.2 ಲಕ್ಷ. ನಷ್ಟ ಬಂದಾಗ ಆಸ್ತಿ ಇಳಿಯುತ್ತದೆ, ಹೊಣೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ಇಳಿದಷ್ಟನ್ನೂ ಬಂಡವಾಳವೇ ಹೊರಬೇಕು. ಒಟ್ಟು ನಷ್ಟ 9.8 ಲಕ್ಷ, ನನ್ನ ಬಂಡವಾಳ ಇದ್ದದ್ದು 8.

ಆಸ್ತಿ 10.2 = ಹೊಣೆ 12 + ಬಂಡವಾಳ (−1.8)

ಮುಳುಗಿದ ದಿನವೂ ಶೀಟು ಪೈಸೆ ತಪ್ಪದೆ ಹೊಂದಿತ್ತು. ಆ 1.8 ಲಕ್ಷಕ್ಕೆ ಮನೆಯವಳ ಬಳೆ ಅಡವಿಟ್ಟೆ. ಮಾಲೀಕರು 9 ಲಕ್ಷ ಕೊಟ್ಟದ್ದು ಹೊಸ ಬಾಡಿಗೆದಾರರು ಸಿಕ್ಕ ಮೇಲೆ. ಅಲ್ಲಿಯವರೆಗೆ ಹುಡುಗರನ್ನು ಕಾಯಿಸಿದೆ.

ಹುಡುಗರ 6 ಲಕ್ಷವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿ ಬೇರೆ ಇಟ್ಟಿದ್ದರೆ, ಹೊಣೆಯ ಕಡೆಯ ಆ ಸಾಲಿಗೆ ಆಸ್ತಿಯ ಕಡೆ ಕೈಗೆ ಸಿಗುವ ಒಂದು ಸಾಲು ಜೊತೆಯಾಗಿರುತ್ತಿತ್ತು. ಆದರೆ ಆಗ ಎರಡನೇ ಕಂತಿಗೆ ನನ್ನಲ್ಲಿ ದುಡ್ಡೇ ಇರುತ್ತಿರಲಿಲ್ಲ. ಸಾಮಾನಿಗೆ 5 ಲಕ್ಷ ತೆಗೆದರೆ ಅಡ್ವಾನ್ಸಿಗೆ ಉಳಿಯುತ್ತಿದ್ದದ್ದು 9 ಲಕ್ಷ, ಅಂದರೆ ತಿಂಗಳಿಗೆ 90 ಸಾವಿರ ಬಾಡಿಗೆಯ ಕಟ್ಟಡ. ನನ್ನ ಶಕ್ತಿಯ ಕಟ್ಟಡ ಅದಾಗಿತ್ತು.