ಎರಡು ಅಂದ್ರೆ ಹನ್ನೆರಡು!

ಅಮೆರಿಕಾದಲ್ಲಿ ಟಿವಿ ಪುಕ್ಕಟೆ ಬರುತ್ತೆ ಅಂದ್ರೆ ನಮ್ಮೂರಲ್ಲಿ ಯಾರೂ ನಂಬಲ್ಲ. ಆದ್ರೆ ನಿಜ. ಕೇಬಲ್ಲೂ ಬೇಡ, ತಿಂಗಳ ಬಿಲ್ಲೂ ಬೇಡ. ಒಂದು ಆಂಟೆನಾ ಇದ್ರೆ ಊರಿನ ದೊಡ್ಡ ಚಾನೆಲ್ಲುಗಳೆಲ್ಲ ಗಾಳಿಯಲ್ಲೇ ಸಿಗುತ್ತವೆ. ನಾವಿರೋದು ಶಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್ ದೂರದ ನೇಪರ್‌ವಿಲ್‌ನಲ್ಲಿ. ಗೆಳೆಯನೊಬ್ಬ ಬೇರೆ ಊರಿಗೆ ಹೋಗುವಾಗ ತನ್ನ ಆಂಟೆನಾ ನಮಗೆ ಕೊಟ್ಟು ಹೋಗಿದ್ದ. ಕಿಟಕಿಗೆ ಅಂಟಿಸುವ, ಕಾಗದದ ಹಾಳೆಯಂಥದ್ದು. ಜೊತೆಗೊಂದು ಪುಟ್ಟ ಆಂಪ್ಲಿಫೈಯರ್.

ಎಲ್ಲ ಸರಿಯಾಗೇ ಇತ್ತು, ಅಮ್ಮ ಬರುವ ತನಕ. ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ಅಮ್ಮನಿಗೆ ಮನೆಯಲ್ಲಿ ಮಾತಾಡೋಕೂ ಯಾರೂ ಇಲ್ಲ. ಅವರಿಗೆ ಹಿಡಿಸಿದ್ದು ಒಂದೇ ಒಂದು ಕಾರ್ಯಕ್ರಮ, ಬೆಳಿಗ್ಗೆ ಹತ್ತಕ್ಕೆ ಬರುವ ‘ದಿ ಪ್ರೈಸ್ ಈಸ್ ರೈಟ್’. ಸೋಪು, ಫ್ರಿಜ್ಜು, ಕಾರು ಎಲ್ಲದರ ಬೆಲೆ ಊಹಿಸೋ ಆಟ. ಅದಕ್ಕೆ ಇಂಗ್ಲಿಷ್ ಯಾಕೆ ಬೇಕು, ಸಂತೆಯಲ್ಲಿ ಚೌಕಾಸಿ ಮಾಡಿ ಗೊತ್ತಿದ್ರೆ ಸಾಕು :-) ಆದ್ರೆ ಅದು ಬರೋದು 2ನೇ ಚಾನೆಲ್ಲಿನಲ್ಲಿ. ಆ ಚಾನೆಲ್ಲೊಂದೇ ನಮ್ಮ ಮನೆಯಲ್ಲಿ ಒಡೆದು ಚೂರಾಗುತ್ತಿತ್ತು.

"ಏನೋ ಇದು, ಎಲ್ಲರ ಮುಖಾನೂ ಚೌಕ ಚೌಕ ಆಗ್ಹೋಗ್ತಿದೆ. ಬೆಲೆ ಹೇಳೋ ಹೊತ್ತಿಗೆ ಸರಿಯಾಗಿ ಮಾತು ನಿಂತುಹೋಗತ್ತೆ" ಅಂತ ಅಮ್ಮನ ದೂರು.

ಹಳೇ ದೂರದರ್ಶನದ ಕಾಲದಲ್ಲಿ ಸಿಗ್ನಲ್ ಕಮ್ಮಿಯಾದ್ರೆ ತೆರೆಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆ ಬರ್ತಿತ್ತು, ಆದ್ರೂ ಚಿತ್ರ ಕಾಣ್ತಿತ್ತು. ಡಿಜಿಟಲ್ ಹಾಗಲ್ಲ. ಬರೋದು ಸೊನ್ನೆ ಒಂದುಗಳು. ಸ್ವಲ್ಪ ತಪ್ಪಿದ್ರೆ ಟಿವಿ ತಾನೇ ತಿದ್ದಿಕೊಳ್ಳುತ್ತೆ, ಚಿತ್ರ ಕನ್ನಡಿಯಂತೆ ಇರುತ್ತೆ. ತಿದ್ದೋಕಾಗುವಷ್ಟಕ್ಕಿಂತ ಹೆಚ್ಚು ತಪ್ಪಿದ್ರೆ ಚೌಕ ಚೌಕ, ಇನ್ನೂ ತಪ್ಪಿದ್ರೆ ಕಪ್ಪು ತೆರೆ. ಅಂದ್ರೆ ಒಡೆದ ಚಿತ್ರ ಬರ್ತಿದೆ ಅಂದ್ರೆ ನಾವು ಅಂಚಿನಲ್ಲೇ ನಿಂತಿದ್ದೇವೆ, ಇನ್ನೊಂಚೂರು ಸಿಕ್ಕಿದ್ರೆ ಸಾಕು ಅಂತ ಅರ್ಥ.

ಆದ್ರೆ ಆ 2ನೇ ಚಾನೆಲ್ಲಿಗೆ ಮಾತ್ರ ಯಾಕೆ? 5, 7, 11 ಎಲ್ಲ ಚೆನ್ನಾಗಿ ಬರ್ತಿದ್ದವು. ಸ್ವಾರಸ್ಯ ಏನಂದ್ರೆ ಇವೆಲ್ಲ ಹೊರಡೋದು ಒಂದೇ ಕಟ್ಟಡದ ತುದಿಯಿಂದ, ಶಿಕಾಗೋದ ವಿಲ್ಲಿಸ್ ಟವರ್‌ನಿಂದ. ಹಾಗಾಗಿ ದೂರ, ದಿಕ್ಕು ಎರಡರ ಮೇಲೂ ತಪ್ಪು ಹೊರಿಸುವಂತಿಲ್ಲ. ವ್ಯತ್ಯಾಸ ಇರೋದು ತರಂಗದಲ್ಲಿ.

ತೆರೆಯ ಮೇಲೆ ಕಾಣುವ ನಂಬರು ಬರೀ ಹೆಸರು. ನಿಜವಾದ ತರಂಗದ ನಂಬರೇ ಬೇರೆ. 7 ಅಂತ ಕಾಣೋದು ಬರೋದು 22ರಲ್ಲಿ, ಅದು ಯುಎಚ್‌ಎಫ್. 2 ಅಂತ ಕಾಣೋದು ಬರೋದು 12ರಲ್ಲಿ, ಅದು ವಿಎಚ್‌ಎಫ್, ಸುಮಾರು 207 ಮೆಗಾಹರ್ಟ್ಜ್. ಪಿಯುಸಿ ಲೆಕ್ಕವನ್ನೇ ಹಾಕಿ: 300ನ್ನು 207ರಿಂದ ಭಾಗಿಸಿದ್ರೆ ಅಲೆಯ ಉದ್ದ ಸುಮಾರು 1.45 ಮೀಟರ್. ಆಂಟೆನಾ ಅದರ ಅರ್ಧದಷ್ಟಿದ್ರೆ ಚೆನ್ನಾಗಿ ಹಿಡಿಯುತ್ತೆ, ಅಂದ್ರೆ ಸುಮಾರು 70 ಸೆಂಟಿಮೀಟರ್. 22ರ ಅಲೆಗೆ 30 ಸೆಂಟಿಮೀಟರ್ ಇದ್ರೂ ಸಾಕು. ನಮ್ಮ ಕಿಟಕಿಯ ಹಾಳೆಯ ಅಗಲ ಎಷ್ಟು? ಹತ್ತಿರ ಹತ್ತಿರ 30. ಸಣ್ಣ ಕಣ್ಣಿನ ಬಲೆಗೆ ದೊಡ್ಡ ಮೀನೂ ಬೀಳುತ್ತೆ, ಆದ್ರೆ ಆಂಟೆನಾದ ವಿಷಯದಲ್ಲಿ ದೊಡ್ಡ ಅಲೆಗೆ ದೊಡ್ಡ ಆಂಟೆನಾನೇ ಬೇಕು!

ಹಾಗಾದ್ರೆ ಆ ಆಂಪ್ಲಿಫೈಯರ್ ಏನು ಮಾಡ್ತಿತ್ತು? ಅದರ ನಿಜವಾದ ಕೆಲಸ, ಉದ್ದ ವೈರಿನಲ್ಲೋ ಎರಡು ಮೂರು ಟಿವಿಗೆ ಹಂಚುವಾಗಲೋ ಆಗುವ ನಷ್ಟ ತುಂಬಿಕೊಡೋದು. ನಮ್ಮದು ಎರಡು ಮೀಟರ್ ವೈರು, ಒಂದೇ ಟಿವಿ. ತುಂಬಿಕೊಡೋಕೆ ನಷ್ಟವೇ ಇಲ್ಲ. ಆಂಟೆನಾ ಹಿಡಿಯದ್ದನ್ನ ಅದು ಹುಟ್ಟಿಸೋಕಾಗಲ್ಲ. ಸಿಗ್ನಲ್ಲಿನ ಜೊತೆ ಗದ್ದಲವನ್ನೂ ಅಷ್ಟೇ ದೊಡ್ಡದು ಮಾಡಿ, ತನ್ನದೂ ಒಂದಿಷ್ಟು ಸೇರಿಸುತ್ತೆ. ಅದಿಲ್ಲದೆ ನೋಡಬೇಕು ಅಂದ್ರೆ ಬರೀ ಕರೆಂಟ್ ತೆಗೆದ್ರೆ ಸಾಲದು. ಕರೆಂಟ್ ಇಲ್ಲದಿದ್ರೆ ಎಷ್ಟೋ ಆಂಪ್ಲಿಫೈಯರುಗಳು ಸಿಗ್ನಲ್ಲನ್ನೇ ತಡೆದು ಕೂರುತ್ತವೆ. ವೈರಿನಿಂದಲೇ ಬಿಚ್ಚಿ, ಆಂಟೆನಾ ನೇರ ಟಿವಿಗೆ ಸಿಕ್ಕಿಸಬೇಕು.

ಅದನ್ನ ಬಿಚ್ಚಿಟ್ಟು, ಎರಡು ಕಡ್ಡಿ ಎಳೆಯುವ ಹಳೇ ನಮೂನೆಯ ಆಂಟೆನಾ ತಂದೆ. ‘ಮೊಲದ ಕಿವಿ’ ಅಂತಾರಲ್ಲ, ಅದೇ. ಕಡ್ಡಿಗಳನ್ನ ಪೂರ್ತಿ ಎಳೆಯದೆ, ಒಂದೊಂದನ್ನೂ ಸುಮಾರು 34 ಸೆಂಟಿಮೀಟರಿಗೆ ನಿಲ್ಲಿಸಿ, ಎರಡೂ ಕಡೆ ತೋಳು ಚಾಚಿದ ಹಾಗೆ ಅಡ್ಡ ಮಲಗಿಸಿದೆ. ಕಡ್ಡಿಯ ತುದಿ ಟವರಿನ ಕಡೆಗಿದ್ರೆ ಏನೂ ಹಿಡಿಯಲ್ಲ, ಮೈ ಆ ಕಡೆಗಿರಬೇಕು. ಟವರ್ ನಮಗೆ ಪೂರ್ವಕ್ಕೆ, ಹಾಗಾಗಿ ಕಡ್ಡಿಗಳು ಉತ್ತರ-ದಕ್ಷಿಣ.

ಆಮೇಲೆ ಜಾಗ. ಟಿವಿಯ ಸೆಟ್ಟಿಂಗಿನಲ್ಲಿ ಸಿಗ್ನಲ್ ಮೀಟರ್ ಇರುತ್ತೆ, ಅದನ್ನ ತೆರೆದಿಟ್ಟು, ಒಂದೊಂದು ಗೇಣು ಸರಿಸಿ, ಪ್ರತಿ ಸಲ ಹತ್ತು ಸೆಕೆಂಡ್ ಕಾಯೋದು. ಸರಿಸಿದ ತಕ್ಷಣ ಕಾಣುವ ಅಂಕಿಯನ್ನ ನಂಬಬೇಡಿ, ಟಿವಿಗೆ ಲೆಕ್ಕ ಹಾಕೋಕೆ ಸ್ವಲ್ಪ ಹೊತ್ತು ಬೇಕು. ಮುಟ್ಟಿದ ಕೈಯನ್ನೂ ತೆಗೆದು ದೂರ ನಿಂತು ನೋಡಿ, ನಮ್ಮ ಮೈಯೂ ಸಿಗ್ನಲ್ ಮೇಲೆ ಪ್ರಭಾವ ಬೀರುತ್ತೆ. ಟಿವಿ ಹಿಂದೆ ಇಟ್ಟಾಗ ಮೀಟರ್ ಕುಣೀತಿತ್ತು. ಕಾರಣ ಅಲ್ಲೇ ಇದ್ದ ವೈಫೈ ರೌಟರಿನ ಅಡಾಪ್ಟರ್. ಅದರ ಪ್ಲಗ್ ಕಿತ್ತ ಕೂಡಲೇ ಕುಣಿತ ನಿಂತಿತು. ಇಂಥ ಅಡಾಪ್ಟರ್, ಅಗ್ಗದ ಎಲ್ಇಡಿ ಬಲ್ಬುಗಳ ಗದ್ದಲ ಯುಎಚ್‌ಎಫ್‌ಗಿಂತ ವಿಎಚ್‌ಎಫ್‌ಗೇ ಜಾಸ್ತಿ ತಟ್ಟೋದು. ಒಂದೊಂದೇ ಆರಿಸಿ ಮೀಟರ್ ನೋಡಿದ್ರೆ ಕಳ್ಳ ಯಾರು ಅಂತ ಗೊತ್ತಾಗುತ್ತೆ. ಕೊನೆಗೆ ಆಂಟೆನಾ ಒಂದೂವರೆ ಮೀಟರ್ ಆಚೆ, ಪುಸ್ತಕದ ಕಪಾಟಿನ ಮೇಲೆ ಹೋಗಿ ಕೂತಿತು.

ರೀಸ್ಕ್ಯಾನ್ ಮಾಡಬೇಕಾದ್ದು ಇಷ್ಟೆಲ್ಲ ಆದ ಮೇಲೆ, ಮೊದಲಲ್ಲ. ಸ್ಕ್ಯಾನ್‌ನಿಂದ ಸಿಗ್ನಲ್ ಹೆಚ್ಚಾಗಲ್ಲ, ಯಾವ ನಂಬರು ಯಾವ ತರಂಗದಲ್ಲಿದೆ ಅನ್ನೋ ಪಟ್ಟಿ ಹೊಸದಾಗುತ್ತೆ ಅಷ್ಟೇ. ಆಂಟೆನಾ ಕೆಟ್ಟ ಜಾಗದಲ್ಲಿದ್ದಾಗ ಸ್ಕ್ಯಾನ್ ಮಾಡಿದ್ರೆ ಇದ್ದ ಚಾನೆಲ್ಲೂ ಪಟ್ಟಿಯಿಂದ ಬಿದ್ದುಹೋಗಬಹುದು. ಆದ್ರೆ ಸ್ಟೇಷನ್ ತರಂಗ ಬದಲಿಸಿದಾಗ ಸ್ಕ್ಯಾನ್ ಬೇಕೇ ಬೇಕು. 2017ರಿಂದ 2020ರವರೆಗೆ ಅಮೆರಿಕಾದಲ್ಲಿ ನೂರಾರು ಸ್ಟೇಷನ್ನುಗಳು ಹೀಗೆ ಜಾಗ ಬದಲಿಸಿದವು. ಶಿಕಾಗೋದ 7 ಕೂಡ 44ರಿಂದ 22ಕ್ಕೆ ಬಂದಿದ್ದು ಆಗಲೇ. ಹಳೇ ಪಟ್ಟಿ ಪೂರ್ತಿ ಅಳಿಸಬೇಕಾದ್ರೆ ಆಂಟೆನಾ ಕಿತ್ತು ಒಂದು ಸಲ, ಸಿಕ್ಕಿಸಿ ಇನ್ನೊಂದು ಸಲ ಸ್ಕ್ಯಾನ್ ಮಾಡಿ. ಸೆಟ್ಟಿಂಗಿನಲ್ಲಿ `Cable` ಅಲ್ಲ, `Antenna` ಅಥವಾ `Air` ಇರಬೇಕು.

ಈಗ 2 ಗಟ್ಟಿಯಾಗಿ ನಿಂತಿದೆ. 5, 7, 11ಕ್ಕೂ ತೊಂದರೆ ಆಗಲಿಲ್ಲ, ಈ ಆಂಟೆನಾಗೆ ಯುಎಚ್‌ಎಫ್‌ಗಾಗಿ ಬೇರೆ ಪುಟ್ಟ ಬಳೆ ಇದೆ. ಹತ್ತಿರದಲ್ಲಿ ಮಿಂಚು ಹೊಡೆದಾಗ ಮಾತ್ರ 2 ಒಂದು ಕ್ಷಣ ಒಡೆಯುತ್ತೆ. ಮಿಂಚಿನ ಗದ್ದಲ ವಿಎಚ್‌ಎಫ್‌ನಲ್ಲಿ ಕಾಣೋದೇ, ಅದಕ್ಕೆ ಮನೆಯೊಳಗಿನ ಆಂಟೆನಾದಲ್ಲಿ ಮದ್ದಿಲ್ಲ.

ಅಮ್ಮ ನಿನ್ನೆ ಫೋನ್ ಮಾಡಿದ್ರು, ಆಫೀಸಿನ ಮೀಟಿಂಗ್ ಮಧ್ಯೆ. "ಒಂದು ಡಬ್ಬ ಬಟಾಣಿಗೆ ಅಷ್ಟೊಂದು ದುಡ್ಡೇನೋ ಇಲ್ಲಿ? ಊರಿಂದಲೇ ತರ್ತಿದ್ನಲ್ಲೋ!"

ನಿಮ್ಮ ಊರಲ್ಲಿ ಯಾವ ನಂಬರು ಕಾಡ್ತಿದೆ, ಅದರ ಹಿಂದಿನ ನಿಜವಾದ ನಂಬರು ಯಾವುದು? ಹುಡುಕಿ ಹೇಳಿ ನೋಡೋಣ.