ಮೊದಲ ಪಂದ್ಯಕ್ಕೆ ಫಾರ್ಮ್ ಎಲ್ಲಿಂದ ಬಂತು?

ಶುಕ್ರವಾರ ರಾತ್ರಿ ಊಟವಾಗಿ ಅಡುಗೆಮನೆಯ ದೀಪ ಆರಿದ ಮೇಲೆ ನಾನು ಲ್ಯಾಪ್‌ಟಾಪ್ ತೆರೆದು ಹತ್ತು ವರ್ಷ ಹಿಂದಕ್ಕೆ ಹೋಗಿ ಕೂರುತ್ತೇನೆ. ಅಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ನಡೆಯುತ್ತಿರುತ್ತದೆ, ನಾನು ಪಣ ಕಟ್ಟುತ್ತಿರುತ್ತೇನೆ. ದುಡ್ಡು ಕಾಗದದ್ದು, ಪಂದ್ಯ ಎಂದೋ ಮುಗಿದದ್ದು. ಹೆಂಡತಿ ಮಲಗಲು ಹೋಗುವಾಗ ಬಾಗಿಲಲ್ಲಿ ನಿಂತು ಕೇಳುತ್ತಾಳೆ: "ರೀ, ಗೆದ್ದಿರಾ?" "ಗೆದ್ದೆ, 2013ರಲ್ಲಿ." "ಸರಿ, 2013ರಲ್ಲೇ ಖರ್ಚು ಮಾಡಿ" ಅನ್ನುತ್ತಾಳೆ.

ಲೆಸ್ಟರ್ ಊರಿಗೆ ಬಂದು ನೆಲೆಸಿದವನಿಗೆ ಈ ಹುಚ್ಚು ಹಿಡಿಯದಿದ್ದರೆ ಆಶ್ಚರ್ಯ. 2015ರ ಆಗಸ್ಟ್‌ನಲ್ಲಿ ಬುಕ್ಕಿಗಳು ಒಂದಕ್ಕೆ ಐದು ಸಾವಿರ ಕೊಡುತ್ತೇವೆಂದಿದ್ದ ಲೆಸ್ಟರ್ ಸಿಟಿ ತಂಡ ಮರುವರ್ಷ ಮೇ ತಿಂಗಳಿಗೆ ಲೀಗ್ ಗೆದ್ದು ನಿಂತಿತ್ತು. ಅವತ್ತು ಬೀದಿಯಲ್ಲಿ ಕುಣಿದವರ ನಡುವೆ ನನಗೆ ಹೊಳೆದದ್ದು ಇಷ್ಟೆ: ಒಳ್ಳೆಯ ಓಟದಲ್ಲಿರುವ ತಂಡವನ್ನು ಬುಕ್ಕಿಗಳು ಬೇಗ ನಂಬುವುದಿಲ್ಲ. ಅದನ್ನೇ ಒಂದು ನಿಯಮ ಮಾಡಿದೆ. ಈ ಸೀಸನ್ನಿನ ಕಳೆದ ಮೂರು ಪಂದ್ಯಗಳಲ್ಲಿ ಏಳು ಅಥವಾ ಹೆಚ್ಚು ಅಂಕ ಗಳಿಸಿದ ತಂಡದ ಮೇಲೆ ಮುಂದಿನ ಪಂದ್ಯಕ್ಕೆ ಹತ್ತು ಪೌಂಡ್ ಕಟ್ಟುವುದು. ಹಳೆಯ ಸೀಸನ್ನುಗಳ ಮೇಲೆ ಇದನ್ನು ಓಡಿಸಿ ನೋಡುವುದಕ್ಕೆ ಬ್ಯಾಕ್‌ಟೆಸ್ಟ್ ಎನ್ನುತ್ತಾರೆ.

ಸರಕು ಪುಕ್ಕಟೆ ಸಿಗುತ್ತದೆ. `football-data.co.uk` ಎಂಬಲ್ಲಿ ಸೀಸನ್ನಿಗೊಂದು ಫೈಲು. ತಾರೀಕು, ತಂಡಗಳು, ಗೋಲುಗಳು, ಬುಕ್ಕಿಗಳ ಆಡ್ಸ್, ಎಲ್ಲ ಸಾಲಾಗಿ ಇರುತ್ತವೆ. ಆಡ್ಸ್ ಎಂದರೆ ಬುಕ್ಕಿಯ ಅಂದಾಜು ಮತ್ತು ಅವನ ಹೊಟ್ಟೆಪಾಡು ಎರಡೂ ಸೇರಿದ ಸಂಖ್ಯೆ. ತವರು ತಂಡ ಗೆದ್ದರೆ 2.10, ಡ್ರಾ ಆದರೆ 3.40, ಬಂದ ತಂಡ ಗೆದ್ದರೆ 3.60 ಎಂದಿದೆಯೆನ್ನಿ. ಒಂದನ್ನು ಇವುಗಳಿಂದ ಒಂದೊಂದಾಗಿ ಭಾಗಿಸಿ ಕೂಡಿದರೆ ನೂರಾಗುವ ಬದಲು ಶೇಕಡಾ 104.8 ಆಗುತ್ತದೆ. ಆ ಹೆಚ್ಚುವರಿ ಅವನದು. ಕಣ್ಣುಮುಚ್ಚಿ ಕಟ್ಟುವವನು ನೂರಕ್ಕೆ ನಾಲ್ಕೈದು ಕಳೆದುಕೊಳ್ಳುವುದು ಸಹಜ. ಹಾಗಾಗಿ ಯಾವ ಬ್ಯಾಕ್‌ಟೆಸ್ಟಾದರೂ ಮೊದಲ ಓಟದಲ್ಲೇ ಲಾಭ ತೋರಿಸಿದರೆ ನಾನು ಸಂತೋಷಪಡುವುದನ್ನು ಬಿಟ್ಟಿದ್ದೇನೆ. ಎಲ್ಲೋ ಕದ್ದಿದ್ದೇನೆ, ಎಲ್ಲಿ ಎಂದು ಹುಡುಕಬೇಕು. ಈ ಆಟದ ರುಚಿ ಇರುವುದೇ ಆ ಹುಡುಕಾಟದಲ್ಲಿ.

ಮೊದಲ ಕಳ್ಳತನ ಸೋಮಾರಿತನದಿಂದ ಆದದ್ದು. 2022ರಲ್ಲಿ ಶುರುಮಾಡಿದಾಗ ತಂಡಗಳ ಹೆಸರಿನ ಕಾಗುಣಿತ ಸರಿಪಡಿಸಲು ಬೇಸರವಾಗಿ, ಆ ವರ್ಷ ಲೀಗಿನಲ್ಲಿದ್ದ ಇಪ್ಪತ್ತು ತಂಡಗಳ ಪಟ್ಟಿ ಮಾಡಿ, ಹಳೆಯ ಸೀಸನ್ನುಗಳಿಂದಲೂ ಅವುಗಳ ನಡುವಿನ ಪಂದ್ಯಗಳನ್ನಷ್ಟೇ ಆರಿಸಿಕೊಂಡೆ. ಪ್ರತಿ ಸೀಸನ್ನಿನಲ್ಲೂ ಕೊನೆಯ ಮೂರು ತಂಡ ಕೆಳಗಿನ ಲೀಗಿಗೆ ಜಾರುತ್ತವೆ, ಕೆಳಗಿನಿಂದ ಮೂರು ಬರುತ್ತವೆ. ಸಂಡರ್‌ಲ್ಯಾಂಡ್ 2017ರಲ್ಲಿ ಜಾರಿತು, ಸ್ಟೋಕ್ ಮತ್ತು ಸ್ವಾನ್ಸೀ 2018ರಲ್ಲಿ. ನನ್ನ ಪಟ್ಟಿಯಲ್ಲಿ ಅವು ಇಲ್ಲ. ಅಂದರೆ, ಮೂರು ಪಂದ್ಯ ಚೆನ್ನಾಗಿ ಆಡಿ ನಾಲ್ಕನೆಯದರಲ್ಲಿ ಮಣ್ಣುಮುಕ್ಕಿದ ತಂಡಗಳನ್ನೇ ನಾನು ಮನೆಯಿಂದ ಹೊರಗೆ ಹಾಕಿ, ಉಳಿದವರನ್ನು ಕೂರಿಸಿಕೊಂಡು ಎಲ್ಲರೂ ಚೆನ್ನಾಗಿದ್ದಾರೆ ಎನ್ನುತ್ತಿದ್ದೆ. ಇದು ಸರ್ವೈವರ್‌ಶಿಪ್ ಬಯಾಸ್. ನೂರು ವರ್ಷ ಬದುಕಿದ ಅಜ್ಜಂದಿರನ್ನೇ ಕೂಡಿಹಾಕಿ ಬೀಡಿಯಿಂದ ಏನೂ ಆಗುವುದಿಲ್ಲ ಎಂದು ತೀರ್ಮಾನಿಸಿದ ಹಾಗೆ.

ಇದನ್ನು ಹಿಡಿಯುವುದು ಸುಲಭ, ಸಾಲು ಎಣಿಸಿದರೆ ಸಾಕು. ಇಪ್ಪತ್ತು ತಂಡಗಳ ಲೀಗಿನಲ್ಲಿ ಸೀಸನ್ನಿಗೆ 380 ಪಂದ್ಯ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನನ್ನ 2015-16ರಲ್ಲಿ ಇದ್ದದ್ದು 182. ಆ ವರ್ಷದ ಆರು ತಂಡಗಳು ಪೂರ್ತಿ ಮಾಯ.

ಕಾಗುಣಿತ ಸರಿಮಾಡಿ ಎಲ್ಲರನ್ನೂ ಒಳಗೆ ಕರೆದೆ. ಲಾಭ ಇಳಿಯಬೇಕಿತ್ತು. 2015-16ರಲ್ಲಿ ಅದು ಏರಿತು!

ಪಣದ ಪಟ್ಟಿಯನ್ನು ಅಚ್ಚುಹಾಕಿ ಊಟದ ಮೇಜಿನ ಮೇಲೆ ಹರಡಿದ್ದೆ. ಹೆಂಡತಿ ಸಾರಿನ ಪಾತ್ರೆ ಇಡಲು ಜಾಗ ಮಾಡುತ್ತ ಮೊದಲ ಸಾಲು ಓದಿದಳು. 8 ಆಗಸ್ಟ್ 2015, ಲೆಸ್ಟರ್ ಮತ್ತು ಸಂಡರ್‌ಲ್ಯಾಂಡ್, ಫಾರ್ಮ್ 9, ಪಣ ಲೆಸ್ಟರ್ ಮೇಲೆ. ಆ ಪಂದ್ಯ ಲೆಸ್ಟರ್ 4-2ರಿಂದ ಗೆದ್ದಿತ್ತು. "ಇದು ಸೀಸನ್ನಿನ ಮೊದಲ ಪಂದ್ಯ ಅಲ್ವಾ? ಮೊದಲ ಪಂದ್ಯಕ್ಕೇ ಫಾರ್ಮ್ ಎಲ್ಲಿಂದ ಬಂತು ರೀ?"

ಸಾರು ಆರಿತು. ನಾನು ಲ್ಯಾಪ್‌ಟಾಪಿಗೆ ಓಡಿದೆ.

ಫೈಲಿನಲ್ಲಿ ತಾರೀಕು ನಮ್ಮೂರಿನ ಪದ್ಧತಿಯಲ್ಲೇ ಇರುತ್ತದೆ: ದಿನ, ತಿಂಗಳು, ವರ್ಷ. ಅದನ್ನು ಓದುವ ಪಾಂಡಾಸ್ ತಂತ್ರಾಂಶಕ್ಕೆ ಏನೂ ಹೇಳದಿದ್ದರೆ ಅಮೆರಿಕದವರ ಹಾಗೆ ತಿಂಗಳನ್ನು ಮೊದಲು ಓದುತ್ತದೆ. 22/08/15 ಬಂದರೆ ಇಪ್ಪತ್ತೆರಡನೇ ತಿಂಗಳು ಇಲ್ಲವಲ್ಲ ಎಂದು ತಾನೇ ತಿರುಗಿಸಿಕೊಳ್ಳುತ್ತಿತ್ತು ನನ್ನಲ್ಲಿದ್ದ ಹಳೆಯ ಆವೃತ್ತಿ, ಕೆಲಸ ನಿಲ್ಲಿಸುತ್ತಿರಲಿಲ್ಲ. ಆದರೆ 05/12/15 ಬಂದರೆ? ಡಿಸೆಂಬರ್ 5ರಂದು ಲೆಸ್ಟರ್ ಸ್ವಾನ್ಸೀಯನ್ನು 3-0ರಿಂದ ಸೋಲಿಸಿದ ಪಂದ್ಯ ಅದು. ಪಾಂಡಾಸ್ ಅದನ್ನು ಮೇ 12 ಎಂದು ಓದಿ, ಸೀಸನ್ ಶುರುವಾಗುವುದಕ್ಕೆ ಮೂರು ತಿಂಗಳು ಮೊದಲೇ ಆಡಿಸಿಬಿಟ್ಟಿತು. ಅಕ್ಟೋಬರ್ 3ರ ನಾರ್ವಿಚ್ ಗೆಲುವು ಮಾರ್ಚ್ 10 ಆಯಿತು. ನವೆಂಬರ್ 7ರ ವಾಟ್‌ಫರ್ಡ್ ಗೆಲುವು ಜುಲೈ 11 ಆಯಿತು. ಮೂರು ಗೆಲುವು, ಒಂಬತ್ತು ಅಂಕ. ಆಗಸ್ಟ್ 8ರ ಬೆಳಿಗ್ಗೆ ನನ್ನ ನಿಯಮದ ಜೇಬಿನಲ್ಲಿ ಮುಂದಿನ ಚಳಿಗಾಲದ ಸುದ್ದಿಯಿತ್ತು. ನಾರ್ವಿಚ್, ಸ್ವಾನ್ಸೀ, ವಾಟ್‌ಫರ್ಡ್ ಮೂರೂ ನಾನು ಹಿಂದೆ ಕಿತ್ತುಹಾಕಿದ್ದ ಆರರೊಳಗಿನವು ಎಂಬುದು ಆಮೇಲೆ ಗೊತ್ತಾಯಿತು. ಒಂದು ತಪ್ಪು ಇನ್ನೊಂದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿತ್ತು.

ನಾಳೆಯದನ್ನು ಇವತ್ತೇ ಬಲ್ಲವನಂತೆ ನಡೆದುಕೊಳ್ಳುವ ಈ ದೋಷಕ್ಕೆ ಲುಕ್‌ಅಹೆಡ್ ಬಯಾಸ್ ಎಂದು ಹೆಸರು. ಲೆಕ್ಕದ ಪುಸ್ತಕದ ಕೊನೆಯ ಪುಟ ನೋಡಿ ಉತ್ತರ ಬರೆಯುತ್ತಿದ್ದ ನಮಗೆ ಇದೇನು ಹೊಸದಲ್ಲ; ಆಗ ಬೇಕೆಂದೇ ನೋಡುತ್ತಿದ್ದೆವು, ಇಲ್ಲಿ ಪುಟ ತಾನೇ ತೆರೆದುಕೊಂಡಿರುತ್ತದೆ. ಈಗ ಕೋಡಿನ ಸಾಲುಗಳು ಹೀಗಿವೆ:

```
df["Date"] = pd.to_datetime(df["Date"], format="mixed", dayfirst=True)
df = df.sort_values(["Team", "Date"])
df["form"] = df.groupby(["Season", "Team"])["Pts"].transform(
    lambda s: s.shift(1).rolling(3).sum())
```

ಇದರಲ್ಲಿ `shift(1)` ಎಂಬುದು ಕಾವಲುಗಾರ. ಇವತ್ತಿನ ಪಂದ್ಯದ ಅಂಕ ಇವತ್ತಿನ ಫಾರ್ಮಿನೊಳಗೆ ನುಸುಳದಂತೆ ಒಂದು ಮೆಟ್ಟಿಲು ಕೆಳಗಿಳಿಸುತ್ತದೆ. ಅದನ್ನು ಮರೆತರೆ ಗೆದ್ದ ತಂಡಗಳೆಲ್ಲ ಗೆಲ್ಲುವ ಮೊದಲೇ ಫಾರ್ಮಿನಲ್ಲಿರುತ್ತವೆ, ನೀವು ಒಂದೇ ರಾತ್ರಿಯಲ್ಲಿ ಶ್ರೀಮಂತರಾಗುತ್ತೀರಿ.

ಕಾವಲುಗಾರನನ್ನೂ ನಂಬದೆ ನಾನು ಇನ್ನೊಂದು ಪರೀಕ್ಷೆ ಮಾಡುತ್ತೇನೆ. ಫೈಲಿನ ಸಾಲುಗಳು ಆಡಿದ ಕ್ರಮದಲ್ಲೇ ಇರುವುದರಿಂದ, ಆಗಸ್ಟ್ ಮುಗಿದಲ್ಲಿಗೆ ಕತ್ತರಿಸಿ ಮತ್ತೆ ಓಡಿಸುವುದು. ಆಗಸ್ಟ್‌ನ ಪಣಗಳು ಇಡೀ ಫೈಲು ಕೊಟ್ಟಾಗಲೂ ತುಂಡು ಕೊಟ್ಟಾಗಲೂ ಒಂದೇ ಆಗಿರಬೇಕು. ಭವಿಷ್ಯವನ್ನು ಕತ್ತರಿಸಿದರೆ ಭೂತ ಬದಲಾಗುವುದಾದರೆ ಎಲ್ಲೋ ಸೋರಿಕೆಯಿದೆ. ಈ ಕತ್ತರಿ ಪರೀಕ್ಷೆಯಷ್ಟು ಖುಷಿ ಕೊಡುವ ಕೆಲಸ ನನಗೆ ಬೇರೆ ಗೊತ್ತಿಲ್ಲ. ಆದರೆ ಕೆಲವು ಸೋರಿಕೆಗಳು ಇದಕ್ಕೂ ಸಿಗುವುದಿಲ್ಲ. ಎವರ್ಟನ್ ತಂಡಕ್ಕೆ 2023ರ ನವೆಂಬರ್‌ನಲ್ಲಿ ಹತ್ತು ಅಂಕ ಕಡಿತವಾಯಿತು, ಮುಂದಿನ ಫೆಬ್ರವರಿಯಲ್ಲಿ ಅದನ್ನು ಆರಕ್ಕೆ ಇಳಿಸಿದರು. ಅಂಕಪಟ್ಟಿಯ ಸ್ಥಾನ ನೋಡಿ ಪಣ ಕಟ್ಟುವವನು ಕಡಿತ ಆರು ಎಂದೇ ಬರೆದಿಟ್ಟುಕೊಂಡರೆ, ಡಿಸೆಂಬರ್ ತಿಂಗಳಿಡೀ ಯಾರೂ ಕಂಡಿರದ ಅಂಕಪಟ್ಟಿಯನ್ನು ನೋಡಿಕೊಂಡು ಆಡುತ್ತಿರುತ್ತಾನೆ.

ಎಲ್ಲ ಸರಿಮಾಡಿದ ಮೇಲೆ ನನ್ನ ನಿಯಮ ಬುಕ್ಕಿಯ ಪಾಲಿನಷ್ಟನ್ನೇ ಚಾಚೂ ತಪ್ಪದೆ ಕಳೆದುಕೊಂಡಿತು. ಇಲ್ಲಿಗೆ ಬಿಡಬೇಕಿತ್ತು. ಬಿಡುವವನು ಈ ಹವ್ಯಾಸಕ್ಕೆ ಬರುವುದಿಲ್ಲ.

ದರ್ಜಿಯ ಕೆಲಸ ಶುರುವಾಯಿತು. ಬಂದ ತಂಡಕ್ಕಷ್ಟೇ ಕಟ್ಟಿದರೆ? ಆಡ್ಸ್ ಮೂರರಿಂದ ನಾಲ್ಕರೊಳಗೆ ಇದ್ದರೆ ಮಾತ್ರ? ಡಿಸೆಂಬರ್ ಬಿಟ್ಟರೆ? ಇಲ್ಲಿ ಒಂದು ಹೊಲಿಗೆ, ಅಲ್ಲಿ ಒಂದು ಮಡಿಕೆ. ಸುಮಾರು ನಲವತ್ತು ಬಗೆ ಹೊಲಿದ ಮೇಲೆ ಒಂದು ಅಂಗಿ ಮೈಗೆ ಅಂಟಿಕೊಂಡಂತೆ ಕೂತಿತು: 200 ಪಣ, ಸರಾಸರಿ ಆಡ್ಸ್ 3.40, ಲಾಭ ಶೇಕಡಾ 9. ಆ ಅಂಗಿ ಮುಂದಿನ ಹಬ್ಬಕ್ಕೆ ಏರುತ್ತದೆಯೇ ಎನ್ನುವುದೇ ಓವರ್‌ಫಿಟ್ಟಿಂಗ್‌ನ ಪ್ರಶ್ನೆ.

ಅದೃಷ್ಟದ ಅಲುಗಾಟ ಎಷ್ಟೆಂದು ಲೆಕ್ಕ ಹಾಕಬಹುದು. 3.40ರ ಆಡ್ಸ್‌ಗೆ ಒಂದು ರೂಪಾಯಿ ಕಟ್ಟಿದರೆ ಬಹುತೇಕ ಸಲ ಒಂದು ಹೋಗುತ್ತದೆ, ಕೆಲವು ಸಲ 2.40 ಬರುತ್ತದೆ. ಒಂದು ಪಣದ ಏರಿಳಿತ 2.40ರ ವರ್ಗಮೂಲ, ಸುಮಾರು 1.55. ಇನ್ನೂರು ಪಣದ ಸರಾಸರಿಗೆ ಅದನ್ನು 200ರ ವರ್ಗಮೂಲದಿಂದ ಭಾಗಿಸಿದರೆ ಶೇಕಡಾ 11. ಅಂದರೆ ಯಾವ ಜಾಣ್ಮೆಯೂ ಇಲ್ಲದ ನಿಯಮ ಕೂಡ ಮೈನಸ್ ನಾಲ್ಕರ ಸುತ್ತ ಹನ್ನೊಂದು ಆಚೆ, ಹನ್ನೊಂದು ಈಚೆ ಸಲೀಸಾಗಿ ಓಲಾಡುತ್ತದೆ. ನಲವತ್ತು ಓಲಾಟಗಳಲ್ಲಿ ಅತಿ ಎತ್ತರದ್ದನ್ನು ಆರಿಸಿಕೊಂಡವನಿಗೆ ಪ್ಲಸ್ ಒಂಬತ್ತು ದೊಡ್ಡ ಮಾತಲ್ಲ. ನಿಜಕ್ಕೂ ಸ್ವಲ್ಪ ಕಡಿಮೆಯೇ ಆಯಿತು.

ಕಣ್ಣಾರೆ ನೋಡಬೇಕೆಂದು ಹುಸಿ ಸೀಸನ್ನುಗಳನ್ನು ಹುಟ್ಟಿಸಿದೆ. ಬುಕ್ಕಿಯ ಪಾಲು ತೆಗೆದು ಉಳಿದ ಸಂಭವನೀಯತೆಯ ಪ್ರಕಾರ ಪ್ರತಿ ಪಂದ್ಯಕ್ಕೂ ದಾಳ ಉರುಳಿಸಿ ಫಲಿತಾಂಶ ಬರೆದುಕೊಳ್ಳುವುದು. ಅಲ್ಲಿ ಗೆಲ್ಲುವ ನಿಯಮ ಇರಲು ಸಾಧ್ಯವೇ ಇಲ್ಲ, ಯಾಕೆಂದರೆ ಆ ಲೋಕವನ್ನು ಕಟ್ಟಿದವನು ನಾನೇ. ಅದರ ಮೇಲೆ ಅದೇ ನಲವತ್ತು ಹೊಲಿಗೆ ಹಾಕಿದೆ. ಅಲ್ಲೂ ಒಂದು ಅಂಗಿ ಅಂಟಿಕೊಂಡು ಕೂತಿತು, ಹಲವು ಸಲ ಒಂಬತ್ತಕ್ಕಿಂತ ಚೆನ್ನಾಗಿ.

ಆಮೇಲಿಂದ ಕೊನೆಯ ಕೆಲವು ಸೀಸನ್ನುಗಳನ್ನು ಬೇರೆ ಫೋಲ್ಡರಿಗೆ ಹಾಕಿ, ನಿಯಮ ಪೂರ್ತಿ ಬರೆದು ಮುಗಿಸುವವರೆಗೆ ಮುಟ್ಟುವುದಿಲ್ಲ. ಒಮ್ಮೆ ತೆರೆದರೆ ಅದೂ ಹಳೆಯದಾಯಿತು. ಸೋತ ಮೇಲೆ ನಿಯಮ ತಿದ್ದಿ ಮತ್ತೆ ಅದರ ಮೇಲೇ ನೋಡುವಂತಿಲ್ಲ. ತವರು ತಂಡಗಳಿಗಾಗಿ ಹಳೆಯ ಸೀಸನ್ನುಗಳ ಮೇಲೆ ತೀಡಿದ ಒಂದು ನಿಯಮವನ್ನು ಹೀಗೆ 2020-21ರ ಮೇಲೆ ಇಟ್ಟೆ. ಬಹುಪಾಲು ಪಂದ್ಯಗಳು ಖಾಲಿ ಕ್ರೀಡಾಂಗಣದಲ್ಲಿ ನಡೆದ ವರ್ಷ ಅದು. ತವರಿನವರು ಗೆದ್ದದ್ದು 144, ಬಂದವರು ಗೆದ್ದದ್ದು 153. ನನ್ನ ನಿಯಮಕ್ಕೆ ಜನರ ಗದ್ದಲದ ಮೇಲೆ ನಿಂತಿದ್ದೇನೆಂದು ಗೊತ್ತೇ ಇರಲಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ಸೋರಿಕೆ ಉಳಿಯುತ್ತದೆ, ಅದು ನನ್ನ ತಲೆಯೊಳಗಿನದು. ಫಾರ್ಮ್ ನೋಡಿ ಕಟ್ಟಬೇಕೆಂಬ ಯೋಚನೆ ಬಂದದ್ದೇ ಲೆಸ್ಟರ್ ಗೆದ್ದದ್ದನ್ನು ನೋಡಿ. ಆ ಸೀಸನ್ನಿನ ಮೇಲೆ ಅದನ್ನು ಎಷ್ಟು ಮಡಿಯಿಂದ ಪರೀಕ್ಷಿಸಿದರೂ ಉತ್ತರ ನನಗೆ ಮೊದಲೇ ಗೊತ್ತು. ಅದಕ್ಕೆ `shift(1)` ಇಲ್ಲ.

ಹಾಗಾಗಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಶುಕ್ರವಾರ ಸಂಜೆ ನಿಯಮ ಏನು ಹೇಳುತ್ತದೋ ಅದನ್ನು, ಆ ಹೊತ್ತಿನ ಆಡ್ಸ್ ಸಮೇತ ಪೆನ್ನಿನಲ್ಲಿ ಬರೆಯುತ್ತೇನೆ. ಪಂದ್ಯ ಶುರುವಾಗುವ ಹೊತ್ತಿನ ಕೊನೆಯ ಆಡ್ಸ್ ಪಕ್ಕದ ಕಾಲಮ್ಮಿನಲ್ಲಿ. ನಾನು 2.30ಕ್ಕೆ ಬರೆದದ್ದು 2.15ಕ್ಕೆ ಇಳಿದಿದ್ದರೆ, ಪಂದ್ಯ ಸೋತರೂ ಸರಿ, ಪೇಟೆ ನನ್ನ ಕಡೆ ಬಂದಿತ್ತೆಂದು ಮೀಸೆ ತಿರುವಿಕೊಳ್ಳುತ್ತೇನೆ. ಇದರಲ್ಲಿ ಕದಿಯಲು ಜಾಗವಿಲ್ಲ, ಆದರೆ ಬಹಳ ನಿಧಾನ. ಆ 3.40ರ ಆಡ್ಸ್‌ನಲ್ಲಿ ಶೇಕಡಾ ಮೂರರ ಲಾಭ ಅದೃಷ್ಟವಲ್ಲ ಎಂದು ಒಂದಿಷ್ಟು ಧೈರ್ಯದಿಂದ ಹೇಳಲು ಸುಮಾರು 10,700 ಪಣ ಬೇಕು. ಲೀಗಿನ ಒಂದು ಪಂದ್ಯವನ್ನೂ ಬಿಡದೆ ಕಟ್ಟಿದರೂ ಇಪ್ಪತ್ತೆಂಟು ವರ್ಷ.

ಮೊನ್ನೆ ಹೆಂಡತಿ ನೋಟ್‌ಬುಕ್ ತಿರುವಿ ಹಾಕುತ್ತ ಕೇಳಿದಳು: "ಎಷ್ಟಾಯ್ತು ರೀ?"

"ಅರವತ್ತೊಂದು."

"ಪೌಂಡಾ?"

"ಅಲ್ಲ, ಪಣ. ಇನ್ನು ಹತ್ತು ಸಾವಿರದ ಆರುನೂರು ಚಿಲ್ಲರೆ ಬಾಕಿ."