ಗೋ ಭೂತಕಾಲಕ್ಕೆ ವೆಂಟ್ ಯಾಕೆ? (ಪದಗಳ ಬೆನ್ನು ಹತ್ತಿ – 4)

1/5
ಸಂಜೆ ಹೊತ್ತು ನಮ್ಮ ಬೀದಿಯ ನಾಲ್ಕೈದು ಮಕ್ಕಳಿಗೆ ಟ್ಯೂಷನ್ ಮಾಡ್ತೀನಿ. ಮೊನ್ನೆ ಐದನೇ ಕ್ಲಾಸಿನ ಹುಡುಗಿ ಪೆನ್ಸಿಲ್ ಕೆಳಗಿಟ್ಟು ಕೇಳಿದ್ಳು: "ಅಕ್ಕಾ, ವಾಕ್‌ಗೆ ವಾಕ್ಡ್, ಪ್ಲೇಗೆ ಪ್ಲೇಡ್. ಗೋಗೆ ಮಾತ್ರ ವೆಂಟ್ ಯಾಕೆ? ಅದ್ರಲ್ಲಿ ಗೋದು ಒಂದಕ್ಷರಾನೂ ಇಲ್ವಲ್ಲ!"

ನಮಗೆ ಸ್ಕೂಲಲ್ಲಿ ಸಿಕ್ಕಿದ್ದ ಉತ್ತರ "ಬಾಯಿಪಾಠ ಮಾಡು" ಅಷ್ಟೇ. ಆದ್ರೆ ನಿಜವಾದ ಉತ್ತರ ಒಂದಿದೆ, ಅದು ಚೆನ್ನಾಗೂ ಇದೆ.

2/5
ಮೊದಲು ಈ ಜೋಡಿಗಳನ್ನ ಜೋರಾಗಿ ಹೇಳಿ ನೋಡಿ: ಸೆಂಡ್–ಸೆಂಟ್, ಬೆಂಡ್–ಬೆಂಟ್, ಸ್ಪೆಂಡ್–ಸ್ಪೆಂಟ್. ಹಾಗಾದ್ರೆ ವೆಂಟ್ ಯಾವುದರ ಜೋಡಿ? ವೆಂಡ್!

ಅಂಥ ಕ್ರಿಯಾಪದ ನಿಜವಾಗ್ಲೂ ಇತ್ತು. ತಿರುಗು, ದಾರಿ ಹಿಡಿದು ಸಾಗು ಅನ್ನೋ ಅರ್ಥ. ಅದರ ಭೂತಕಾಲವೇ ವೆಂಟ್. ಹಳೆಯ ಇಂಗ್ಲಿಷಿನಲ್ಲಿ 'ಹೋಗು' ಅನ್ನೋದಕ್ಕೆ ಗಾನ್ ಅಂತಿದ್ರು, 'ಹೋದ' ಅನ್ನೋದಕ್ಕೆ ಎಓಡೆ. ಅಂದ್ರೆ ಆಗಲೂ ಎರಡಕ್ಕೂ ಸಂಬಂಧ ಇರಲಿಲ್ಲ. ಮುಂದೆ ದಕ್ಷಿಣ ಇಂಗ್ಲೆಂಡಿನ ಜನ ಎಓಡೆ ಬಿಟ್ಟು, ಅರ್ಥದಲ್ಲಿ ಹತ್ತಿರವಿದ್ದ ವೆಂಟನ್ನ ಎರವಲು ತಗೊಂಡ್ರು. ಸುಮಾರು 1500ರ ಹೊತ್ತಿಗೆ ಅದು ಗೋ ಮನೆಯಲ್ಲೇ ಉಳ್ಕೊಂಡಿತ್ತು. ಪಕ್ಕದ ಮನೆಯಿಂದ ತಂದ ಪಾತ್ರೆ ವಾಪಸ್ ಹೋಗ್ಲೇ ಇಲ್ಲ! ಪಾಪ ವೆಂಡ್ ತನಗೆ ಬೇರೆ ಮಾಡಿಸ್ಕೊಳ್ತು: ವೆಂಡೆಡ್.

3/5
ಹೀಗೆ ಒಂದೇ ಪದದ ರೂಪಗಳು ಬೇರೆ ಬೇರೆ ಬೇರುಗಳಿಂದ ಬಂದ್ರೆ ಅದಕ್ಕೆ ಸಪ್ಲೀಷನ್ ಅಂತಾರೆ. ಗುಡ್–ಬೆಟರ್, ಆಮ್–ವಾಸ್ ಕೂಡ ಇದೇ ಜಾತಿ.

ಆದ್ರೆ ವಿಚಿತ್ರವಾಗಿ ಬದಲಾಗೋದೆಲ್ಲ ಸಪ್ಲೀಷನ್ ಅಲ್ಲ. ಥಿಂಕ್–ಥಾಟ್ ನೋಡೋಕೆ ದೂರ, ಆದ್ರೆ ಒಂದೇ ಬೇರು. ಶಬ್ದ ಸವೆದು ಹಾಗಾಗಿದೆ. ನಮ್ಮ ಬಾ–ಬಂದ, ಹೋಗು–ಹೋದ ಕೂಡ ಹಾಗೇ. ಪದಗಳು ಎಷ್ಟು ಬೇರೆ ಕಾಣ್ತವೆ ಅನ್ನೋದಲ್ಲ, ಹಿಂದಕ್ಕೆ ಹೋದ್ರೆ ಒಂದೇ ಬೇರು ಸಿಗುತ್ತಾ ಅನ್ನೋದೇ ಪರೀಕ್ಷೆ.

4/5
ಸರಿ, ವೆಂಟ್ ಬಂತು. ಉಳಿದದ್ದು ಯಾಕೆ? ಪುಟ್ಟ ಇಂಗ್ಲಿಷ್ ಮಕ್ಕಳೂ "ಗೋಡ್" ಅಂತಾರಂತೆ, ನಿಯಮ ಹಚ್ಚಿ. ಆದ್ರೆ ವೆಂಟ್ ದಿನಕ್ಕೆ ಎಷ್ಟೋ ಸಲ ಕಿವಿಗೆ ಬೀಳುತ್ತೆ. ಕೇಳಿ ಕೇಳಿ ಅದೇ ನಾಲಿಗೆ ಮೇಲೆ ಕೂತುಬಿಡುತ್ತೆ. ಅಪರೂಪದ ಪದಕ್ಕೆ ಈ ಅದೃಷ್ಟ ಇಲ್ಲ. ಅದರ ಹಳೇ ರೂಪ ನೆನಪಿಗೆ ಬರದಿದ್ದಾಗ ಜನ ಸಾಮಾನ್ಯ ನಿಯಮ ಹಚ್ಚಿ ಮುಂದೆ ಹೋಗ್ತಾರೆ.

ಇದನ್ನ ಹಾರ್ವರ್ಡ್‌ನವರು 2007ರಲ್ಲಿ ಲೆಕ್ಕ ಹಾಕಿ ತೋರಿಸಿದ್ರು. ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನ ಹಿಂಬಾಲಿಸಿದ್ರೆ, ಇವತ್ತಿಗೂ ಅನಿಯಮಿತವಾಗೇ ಉಳಿದಿರೋದು 98. ಒಂದು ಪದದ ಬಳಕೆ ಇನ್ನೊಂದಕ್ಕಿಂತ 100 ಪಟ್ಟು ಕಡಿಮೆ ಇದ್ರೆ, ಅದು ನಿಯಮಕ್ಕೆ ಸೇರೋ ವೇಗ 10 ಪಟ್ಟು ಹೆಚ್ಚು.

ಆದ್ರೂ ಬಳಕೆ ಅನ್ನೋದು ಪೂರ್ತಿ ರಕ್ಷಾಕವಚ ಅಲ್ಲ. ಎಓಡೆ ಕೂಡ ದಿನಬಳಕೆಯದೇ, ಆದ್ರೂ ಹೋಯ್ತು. ಸ್ಕಾಟ್ಲೆಂಡ್ ಕಡೆಯವರು ವೆಂಟ್ ಎರವಲು ತರದೆ ಗೋದಿಂದಲೇ ನಿಯಮದಂತೆ 'ಗೇಡ್' ಮಾಡ್ಕೊಂಡ್ರು. ಬಳಕೆ ಜಾಸ್ತಿ ಇದ್ರೆ ಪದ ಉಳಿಯೋ ಸಾಧ್ಯತೆ ಹೆಚ್ಚು, ಗ್ಯಾರಂಟಿ ಇಲ್ಲ.

5/5
ಈಗ ಕನ್ನಡಕ್ಕೆ ಬನ್ನಿ. ಎರಡು–ಎರಡನೇ, ಮೂರು–ಮೂರನೇ, ನಾಲ್ಕು–ನಾಲ್ಕನೇ. ಒಂದು? ಮೊದಲನೇ! ಒಂದಕ್ಕೂ ಮೊದಲಿಗೂ ಬೇರು ಬೇರೆ. ನಮ್ಮ ಬಾಯಲ್ಲೇ ಸಪ್ಲೀಷನ್ ಇದೆ, ಗಮನಿಸಿರಲ್ಲ ಅಷ್ಟೇ.

ಇಲ್ಲಿ ನಿಯಮದ ರೂಪವೂ ಬದುಕಿದೆ. "ಒಂದನೇ ಕ್ಲಾಸು" ಅಂತೀವಿ, ಯಾಕಂದ್ರೆ ಅಲ್ಲಿ ಒಂದು, ಎರಡು, ಮೂರು ಅಂತ ಸಾಲಾಗಿ ಎಣಿಸ್ತಿದ್ದೀವಿ. ಆದ್ರೆ ಮೊದಲನೇ ಮಗು, ಮೊದಲನೇ ಸಲ, ಮೊದಲ ಪ್ರೀತಿ. "ಒಂದನೇ ಪ್ರೀತಿ" ಅಂದ್ರೆ ಹಾಜರಿ ತಗೊಂಡ ಹಾಗಿರುತ್ತೆ 😅

ಇನ್ನೂ ಮಜಾ ಮುಂದಿದೆ. ಹತ್ತಾದ ಮೇಲೆ ಹನ್ನೊಂದನೇ, ಆಮೇಲೆ ಇಪ್ಪತ್ತೊಂದನೇ. ಅಲ್ಲಿ ಮೊದಲು ಕಾಣೋದೇ ಇಲ್ಲ. 'ಮೊದಲ' ಅನ್ನೋದು ಬೆಳಗಿಂದ ರಾತ್ರಿವರೆಗೆ ಬೇಕು, ಅದಕ್ಕೆ ತನ್ನದೇ ಪದ ಇಟ್ಕೊಂಡಿದೆ. 'ಇಪ್ಪತ್ತೊಂದನೇ' ಯಾವಾಗ್ಲೋ ಒಮ್ಮೆ ಬೇಕು, ಅದನ್ನ ನಿಯಮ ಹಚ್ಚಿ ಆಗಿಂದಾಗ್ಲೇ ಕಟ್ಟಿಕೊಳ್ತೀವಿ.

ನಿಮ್ಮ ಮನೆಮಾತು ತುಳು, ಕೊಂಕಣಿ, ಉರ್ದು, ಕೊಡವ ಯಾವುದೇ ಇರ್ಲಿ, 'ಒಂದು' ಮತ್ತು 'ಮೊದಲನೇ'ಗೆ ಏನಂತೀರಿ? ಕಾಮೆಂಟಲ್ಲಿ ಹಾಕಿ, ಒಂದೇ ಬೇರಾ ಬೇರೆಯಾ ನೋಡೋಣ.

#ಪದಗಳಬೆನ್ನುಹತ್ತಿ #ಕನ್ನಡ